ಐದರಿಂದ ಆರಕ್ಕೆ ₹8,600: ಫೀಸ್ ಸುತ್ತೋಲೆಯೊಂದನ್ನು ಮತ್ತೆ ಬರೆದದ್ದು

ಪೀಣ್ಯದ ಕಡೆ ಒಂದು ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಒಂದರಿಂದ ಹತ್ತನೇ ತರಗತಿವರೆಗಿನ ಶಾಲೆ, ಕಟ್ಟಡ ಬಾಡಿಗೆಯದು. ಪೋಷಕರಲ್ಲಿ ಹೆಚ್ಚಿನವರು ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ, ಆಟೊ ನಂಬಿಕೊಂಡವರು. ಈ ಫೆಬ್ರುವರಿಯಲ್ಲಿ ಪ್ರಿನ್ಸಿಪಾಲ್ ಮೇಡಂ 2026–27ರ ಫೀಸ್ ಏರಿಕೆಯ ಸುತ್ತೋಲೆಯ ಕರಡನ್ನು ನನ್ನ ಕೈಗೆ ಕೊಟ್ಟು, "ಕಾಗುಣಿತ ಒಂದ್ಸಲ ನೋಡಿಕೊಡಿ" ಅಂದರು. ಕರಡು ಇಷ್ಟೇ ಇತ್ತು:

"ಮಾನ್ಯ ಪೋಷಕರೇ, ಏರುತ್ತಿರುವ ನಿರ್ವಹಣಾ ವೆಚ್ಚದ ಹಿನ್ನೆಲೆಯಲ್ಲಿ ಹಾಗೂ ಗುಣಮಟ್ಟದ ಶಿಕ್ಷಣವನ್ನು ಮುಂದುವರಿಸುವ ಉದ್ದೇಶದಿಂದ 2026–27ನೇ ಸಾಲಿಗೆ ಶಾಲಾ ಶುಲ್ಕವನ್ನು ಶೇ. 8ರಷ್ಟು ಪರಿಷ್ಕರಿಸಲಾಗಿದೆ. ಶುಲ್ಕವನ್ನು ಜೂನ್, ಅಕ್ಟೋಬರ್ ಮತ್ತು ಜನವರಿ ತಿಂಗಳ 10ರೊಳಗೆ ಮೂರು ಕಂತುಗಳಲ್ಲಿ ಪಾವತಿಸತಕ್ಕದ್ದು. ತಪ್ಪಿದಲ್ಲಿ ದಂಡ ವಿಧಿಸಲಾಗುವುದು. ತಾವು ಸಹಕರಿಸಬೇಕಾಗಿ ಕೋರಿದೆ."

ಕಾಗುಣಿತ ಸರಿಯಾಗಿಯೇ ಇತ್ತು. ಆದರೆ ಇದನ್ನು ಓದಿದ ತಾಯಿಗೆ ತನ್ನ ಮಗುವಿಗೆ ಜೂನ್‌ನಲ್ಲಿ ಎಷ್ಟು ದುಡ್ಡು ಹೊಂದಿಸಬೇಕು ಅನ್ನುವುದು ಗೊತ್ತಾಗುತ್ತದೆಯೇ ಎಂದು ನೋಡಲು ಒಂದು ಲೆಕ್ಕ ಮಾಡಿದೆ. ಈಗ ಐದನೇ ತರಗತಿಯಲ್ಲಿರುವ ಮಗು ಅಂದುಕೊಳ್ಳಿ. ಈ ವರ್ಷ ಅವರು ಕಟ್ಟಿದ್ದು ಬೋಧನಾ ಶುಲ್ಕ ₹40,000, ಪರೀಕ್ಷೆ–ಗ್ರಂಥಾಲಯ–ಲ್ಯಾಬ್ ಎಲ್ಲ ಸೇರಿದ ವಾರ್ಷಿಕ ಶುಲ್ಕ ₹6,000, ಒಟ್ಟು ₹46,000. ಸುತ್ತೋಲೆ ಓದಿದ ತಾಯಿ ₹46,000ಕ್ಕೆ ಶೇ. 8 ಸೇರಿಸುತ್ತಾರೆ. ₹49,680 ಬರುತ್ತದೆ. ಮೂರು ಕಂತು ಮಾಡಿದರೆ ಒಂದಕ್ಕೆ ₹16,560.

ಜೂನ್‌ನಲ್ಲಿ ಆಫೀಸಿನ ಕಿಟಕಿಯಲ್ಲಿ ಅವರಿಗೆ ಹೇಳುವ ಮೊತ್ತ ₹18,200. ಯಾಕೆಂದರೆ ಮಗು ಆಗ ಆರನೇ ತರಗತಿ. ನಮ್ಮಲ್ಲಿ ಒಂದರಿಂದ ಐದಕ್ಕೆ ಒಂದು ದರ, ಆರರಿಂದ ಎಂಟಕ್ಕೆ ಇನ್ನೊಂದು, ಒಂಬತ್ತು–ಹತ್ತಕ್ಕೆ ಮತ್ತೊಂದು. ಆರನೇ ತರಗತಿಯ ಈ ವರ್ಷದ ಬೋಧನಾ ಶುಲ್ಕ ₹45,000. ಅದಕ್ಕೆ ಶೇ. 8 ಸೇರಿದರೆ ₹48,600. ವಾರ್ಷಿಕ ಶುಲ್ಕದ ₹6,000 ಸೇರಿಸಿ ಒಟ್ಟು ₹54,600. ಹೋದ ವರ್ಷಕ್ಕಿಂತ ₹8,600 ಜಾಸ್ತಿ. ಬರೀ ಬೋಧನಾ ಶುಲ್ಕ ನೋಡಿದರೆ ಆ ಮನೆಯ ಪಾಲಿಗೆ ಏರಿಕೆ ಶೇ. 21.5. ಶೇ. 8 ಎಂದು ಬರೆದ ಕಾಗದ ಕೈಯಲ್ಲಿ ಹಿಡಿದು ಬಂದವರಿಗೆ ಶಾಲೆ ಮೋಸ ಮಾಡಿತು ಅನ್ನಿಸದೆ ಇನ್ನೇನು ಅನ್ನಿಸುತ್ತದೆ? ಹೋದ ವರ್ಷ ಜೂನ್‌ನಲ್ಲಿ ಆ ಕಿಟಕಿಯ ಮುಂದೆ ನಡೆದ ಕೂಗಾಟಗಳಲ್ಲಿ ಬಹುಪಾಲು ಐದರಿಂದ ಆರಕ್ಕೆ, ಎಂಟರಿಂದ ಒಂಬತ್ತಕ್ಕೆ ಬಂದ ಮಕ್ಕಳ ಮನೆಯವರದೇ ಎಂದು ಅಕೌಂಟೆಂಟ್ ಸರ್ ಆಮೇಲೆ ಹೇಳಿದರು. ಆಗ ಯಾರೂ ಇದನ್ನು ಸುತ್ತೋಲೆಯ ಜೊತೆ ತಾಳೆ ಹಾಕಿ ನೋಡಿರಲಿಲ್ಲ.

ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಪ್ರಿನ್ಸಿಪಾಲ್ ಮೇಡಂ ಮುಂದಿಟ್ಟೆ. "ಮೇಡಂ, ಕಾಗುಣಿತ ಸರಿಯಿದೆ. ಆದರೆ ಇದನ್ನ ಪೂರ್ತಿ ಮತ್ತೆ ಬರೀಬೇಕು" ಅಂದೆ. ಅವರು ಚೀಟಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕೌಂಟ್ಸ್ ಜೊತೆ ಕೂತು ನೀವೇ ಬರೀರಿ. ಕಮಿಟಿಗೆ ನಾನು ಹೇಳ್ತೀನಿ" ಅಂದರು.

ಮೊದಲು ಹಿಡಿದದ್ದು ಕಾರಣವನ್ನು. "ಏರುತ್ತಿರುವ ನಿರ್ವಹಣಾ ವೆಚ್ಚ" ಎಂಬುದನ್ನು ಯಾವ ಶಾಲೆಯೂ ಯಾವ ವರ್ಷದಲ್ಲೂ ಬರೆಯಬಹುದು. ಆದ್ದರಿಂದ ಅದನ್ನು ಯಾರೂ ನಂಬುವುದಿಲ್ಲ. ಈ ಏರಿಕೆಯಿಂದ ಒಟ್ಟು ಎಷ್ಟು ಹಣ ಹೆಚ್ಚು ಬರುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಅಕೌಂಟೆಂಟ್ ಸರ್ ಅವರನ್ನು ಕೇಳಿದೆ. ಅವರು ಪುಸ್ತಕ ತೆಗೆದು ಕೂಡಿಸಿದರು. ಹತ್ತಿರ ಹತ್ತಿರ ₹20 ಲಕ್ಷ. ಅದರಲ್ಲಿ ₹13 ಲಕ್ಷ ಶಿಕ್ಷಕರ ಮತ್ತು ಸಿಬ್ಬಂದಿಯ ಸಂಬಳದ ಏರಿಕೆಗೆ, ₹4 ಲಕ್ಷ ಕರಾರಿನ ಪ್ರಕಾರ ಏರಿದ ಕಟ್ಟಡ ಬಾಡಿಗೆಗೆ, ಉಳಿದ ₹3 ಲಕ್ಷ ನೀರು, ಕರೆಂಟು, ಶೌಚಾಲಯದ ರಿಪೇರಿಗೆ.

ಕಮಿಟಿಯ ಹಿರಿಯರೊಬ್ಬರಿಗೆ ನೀರನ್ನೇ ಮೊದಲು ಹಾಕಬೇಕೆಂದಿತ್ತು. "ಜಲಮಂಡಳಿ ಹೋದ ವರ್ಷ ಏಪ್ರಿಲ್‌ನಲ್ಲಿ ದರ ಏರಿಸಿದ್ದು ಎಲ್ಲರಿಗೂ ಗೊತ್ತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಪಟ್ಟ ಪಾಡು ಯಾರೂ ಮರೆತಿಲ್ಲ. ನೀರು ಅಂದ್ರೆ ಯಾರೂ ಎದುರು ಮಾತಾಡಲ್ಲಮ್ಮ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಇಪ್ಪತ್ತು ಲಕ್ಷದಲ್ಲಿ ಮೂರು ಲಕ್ಷದ ಬಾಬ್ತನ್ನು ತಲೆಯ ಮೇಲಿಟ್ಟು ಹದಿಮೂರು ಲಕ್ಷದ್ದನ್ನು ಕೆಳಗೆ ಸರಿಸಿದರೆ, ಓದುವವರು ನೀರಿಗಾಗಿಯೇ ಫೀಸು ಏರಿತು ಅಂದುಕೊಳ್ಳುತ್ತಾರೆ. ನಾಳೆ ಕಾವೇರಿ ನೀರು ಸರಾಗವಾಗಿ ಬಂದ ವರ್ಷ, "ಈಗ ಇಳಿಸಿ" ಅಂದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಒಪ್ಪಿಕೊಳ್ಳಲು ಸುಲಭವಾದ ಕಾರಣ ಬೇರೆ, ನಿಜವಾದ ಕಾರಣ ಬೇರೆ ಆದಾಗ ನಿಜವಾದದ್ದನ್ನೇ ಮೊದಲು ಬರೆಯಬೇಕು ಎಂದು ನಾನು ಪಟ್ಟು ಹಿಡಿದೆ. ಸಂಬಳ ಏರಿಸಿದ್ದನ್ನು ಮುಚ್ಚಿಡಬೇಕಾದ ವಿಷಯ ಎಂದು ಯಾಕಾದರೂ ಅಂದುಕೊಳ್ಳುತ್ತೇವೋ. ಮಗುವಿಗೆ ಗಣಿತ ಹೇಳಿಕೊಡುವವರು ನಡುವರ್ಷದಲ್ಲಿ ಬಿಟ್ಟು ಹೋದರೆ ಏನಾಗುತ್ತದೆಂದು ಪೋಷಕರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೊನೆಗೆ ಹಣದ ಗಾತ್ರದ ಕ್ರಮದಲ್ಲೇ ಮೂರು ಕಾರಣ ಬರೆದೆವು, ಮೊತ್ತದ ಸಮೇತ. "ಗುಣಮಟ್ಟದ ಶಿಕ್ಷಣ" ಬಿಟ್ಟುಹೋಯಿತು. "ಪರಿಷ್ಕರಿಸಲಾಗಿದೆ" ಇದ್ದ ಕಡೆ "ಶಾಲೆಯ ಆಡಳಿತ ಮಂಡಳಿ ಏರಿಸಿದೆ" ಎಂದಾಯಿತು. ಯಾರು ಏರಿಸಿದರು, ಯಾರನ್ನು ಕೇಳಬೇಕು ಎನ್ನುವುದು ಆಗಲೇ ತಿಳಿಯುವುದು.

ಮೊತ್ತದ ವಿಷಯಕ್ಕೆ ಬಂದಾಗ ಹೆಚ್ಚು ಹೊತ್ತು ಹಿಡಿಯಿತು. ಮೊದಲು ನಾನು ಮಾಡಿದ ಪಟ್ಟಿಯಲ್ಲಿ ಮೂರೇ ಸಾಲು: 1–5, 6–8, 9–10. ಪ್ರತಿ ಸಾಲಿಗೆ ಹಳೆಯ ಫೀಸು, ಹೊಸ ಫೀಸು. ನೋಡಲು ಅಚ್ಚುಕಟ್ಟಾಗಿತ್ತು. ಅದನ್ನು ನಮ್ಮ ಶಾಲೆಯ ಬಸ್ಸಿನ ಆಯಾಗೆ ಕೊಟ್ಟೆ. ಅವರ ಮಗ ನಮ್ಮಲ್ಲೇ ಐದನೇ ತರಗತಿ. "ಅರ್ಥ ಆಯ್ತಾ" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾರೇ ಆಗಲಿ ಹೂಂ ಅಂತಾರೆ. "ಜೂನ್‌ನಲ್ಲಿ ನೀವು ಎಷ್ಟು ಕಟ್ಟಬೇಕು, ಹೇಳಿ ನೋಡೋಣ" ಅಂದೆ. ಅವರು ಬೆರಳಿಟ್ಟು ಓದಿ, 1–5ರ ಸಾಲಿನಲ್ಲಿ ನಿಂತು, "ಹದಿನಾರು ಸಾವಿರದ ನಾನೂರು ಮಿಸ್" ಅಂದರು. ಎರಡನೇ ತರಗತಿ ಮಗುವಿನ ತಂದೆಯೊಬ್ಬರು ಸರಿಯಾಗಿಯೇ ಹೇಳಿದರು, ಅವರಿಗೆ ಸಾಲು ಬದಲಾಗುವುದಿಲ್ಲವಲ್ಲ. ಎಂಟನೇ ತರಗತಿಯ ತಾಯಿ ಮತ್ತೆ ತಪ್ಪು ಸಾಲು ಹಿಡಿದರು. ಪಟ್ಟಿಯ ಮೇಲೆ "2026–27ನೇ ಸಾಲಿನ ತರಗತಿ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಆದರೆ ಫೆಬ್ರುವರಿಯಲ್ಲಿ ಯಾವ ತಾಯಿಯನ್ನು ಕೇಳಿದರೂ ನನ್ನ ಮಗ ಐದನೇ ಕ್ಲಾಸ್ ಎಂದೇ ಹೇಳುತ್ತಾರೆ. ಆರು ಅನ್ನುವುದು ಜೂನ್‌ನಲ್ಲಿ ಹೊಸ ಪುಸ್ತಕ ಬಂದ ಮೇಲೆ. ಮೇಲೆ ಬರೆದ ತಲೆಬರಹ ಇದನ್ನು ಬದಲಿಸಲಾರದು.

ಹಾಗಾಗಿ ಪಟ್ಟಿಯನ್ನು ಈಗಿನ ತರಗತಿಯಿಂದಲೇ ಶುರುಮಾಡಿದೆ. ಸಾಲುಗಳು ಮೂರರಿಂದ ಐದಾದವು. ಹೋದ ವರ್ಷ ಈ ಮನೆಯವರು ನಿಜವಾಗಿ ಕಟ್ಟಿದ್ದೆಷ್ಟು, ಮುಂದೆ ಕಟ್ಟಬೇಕಾದ್ದೆಷ್ಟು, ವ್ಯತ್ಯಾಸ ಎಷ್ಟು, ಒಂದು ಕಂತು ಎಷ್ಟು, ಎಲ್ಲ ಒಂದೇ ಸಾಲಿನಲ್ಲಿ:

| ಮಗು ಈಗ ಇರುವ ತರಗತಿ | ಜೂನ್‌ನಲ್ಲಿ ಹೋಗುವ ತರಗತಿ | 2025–26ರಲ್ಲಿ ಕಟ್ಟಿದ್ದು | 2026–27ರಲ್ಲಿ ಕಟ್ಟಬೇಕಾದ್ದು | ಹೆಚ್ಚಾದದ್ದು | ಒಂದು ಕಂತು |
|---|---|---|---|---|---|
| 1, 2, 3, 4 | 2, 3, 4, 5 | ₹46,000 | ₹49,200 | ₹3,200 | ₹16,400 |
| 5 | 6 | ₹46,000 | ₹54,600 | ₹8,600 | ₹18,200 |
| 6, 7 | 7, 8 | ₹51,000 | ₹54,600 | ₹3,600 | ₹18,200 |
| 8 | 9 | ₹51,000 | ₹60,000 | ₹9,000 | ₹20,000 |
| 9 | 10 | ₹56,000 | ₹60,000 | ₹4,000 | ₹20,000 |

ಒಂದನೇ ತರಗತಿಗೆ ಹೊಸದಾಗಿ ಸೇರುವವರಿಗೆ ಹೋದ ವರ್ಷದ ಲೆಕ್ಕವೇ ಇಲ್ಲ, ಅವರಿಗೆ ದಾಖಲಾತಿ ಪತ್ರದಲ್ಲೇ ಫೀಸು ಬರೆದುಕೊಡುತ್ತೇವೆ. ಪಟ್ಟಿಯ ಕೆಳಗೆ ಎರಡು ವಾಕ್ಯ: ಈ ಮೊತ್ತದಲ್ಲಿ ₹6,000 ವಾರ್ಷಿಕ ಶುಲ್ಕ, ಅದು ಏರಿಲ್ಲ, ಉಳಿದದ್ದು ಬೋಧನಾ ಶುಲ್ಕ, ಅದು ಶೇ. 8 ಏರಿದೆ. ಬೋಧನಾ ಶುಲ್ಕವನ್ನು ಬೇರೆಯಾಗಿ ಹೇಳಲೇಬೇಕೆಂದು ಅಕೌಂಟೆಂಟ್ ಸರ್ ಒತ್ತಾಯಿಸಿದ್ದಕ್ಕೆ ಅವರದೇ ಕಾರಣವಿತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ಎರಡು ಮಕ್ಕಳವರೆಗೆ ಬೋಧನಾ ಶುಲ್ಕಕ್ಕೆ ಮಾತ್ರ ವಿನಾಯಿತಿ ಸಿಗುತ್ತದೆ. ಪ್ರತಿ ಜನವರಿಯಲ್ಲಿ ಅದನ್ನು ಬಿಡಿಸಿ ಬರೆದುಕೊಡಿ ಎಂದು ಪೋಷಕರು ಅವರ ಬಾಗಿಲಲ್ಲಿ ನಿಲ್ಲುತ್ತಾರೆ.

ಕಮಿಟಿಯಲ್ಲಿ ದೊಡ್ಡ ಮಾತು ಬಂದದ್ದು ಈ ಪಟ್ಟಿಯ ಬಗ್ಗೆಯೇ. ₹8,600, ₹9,000 ಎಂಬ ಅಂಕಿಯನ್ನು ನಾವೇ ಅಚ್ಚು ಹಾಕಿ ಮನೆಗೆ ಕಳಿಸುವುದೇ? ಶೇ. 8 ಅಂದರೆ ಯಾರೂ ಕೇಳುವುದಿಲ್ಲ, ಇದನ್ನು ನೋಡಿದರೆ ಗೇಟಿನ ಮುಂದೆ ಜನ ಸೇರುತ್ತಾರೆ ಎಂದರು. ಪ್ರಿನ್ಸಿಪಾಲ್ ಮೇಡಂ ಹೇಳಿದ ಒಂದು ಮಾತಿನಿಂದ ಅದು ತೀರ್ಮಾನವಾಯಿತು: "ಸರ್, ಅವರು ಹೇಗೂ ಈ ದುಡ್ಡು ಕಟ್ಟಲೇಬೇಕು. ಮಾರ್ಚ್‌ನಲ್ಲಿ ಗೊತ್ತಾದ್ರೆ ಮೂರು ತಿಂಗಳು ಟೈಮ್ ಇರುತ್ತೆ. ಜೂನ್‌ನಲ್ಲಿ ಗೊತ್ತಾದ್ರೆ ಸಾಲ ಮಾಡ್ತಾರೆ." ಪಟ್ಟಿ ಹಾಗೆಯೇ ಉಳಿಯಿತು.

ಮುಂದೆ ದಿನಾಂಕ. "10ರೊಳಗೆ" ಎಂದರೆ ಹತ್ತನೇ ತಾರೀಕು ಸೇರಿತೋ ಇಲ್ಲವೋ ಎಂದು ಪ್ರತಿ ವರ್ಷ ಫೋನ್ ಬರುತ್ತದಂತೆ. ಅದನ್ನು ಬಿಡಿಸುವುದು ಸುಲಭ. ಕ್ಯಾಲೆಂಡರ್ ತೆಗೆದು ನೋಡಿದಾಗ ಅದಕ್ಕಿಂತ ದೊಡ್ಡ ತೊಡಕು ಕಂಡಿತು. 2026ರ ಜೂನ್ 10 ಬುಧವಾರ, ತೊಂದರೆಯಿಲ್ಲ. ಅಕ್ಟೋಬರ್ 10 ಎರಡನೇ ಶನಿವಾರ, ಬ್ಯಾಂಕಿಗೆ ರಜೆ, ಸಾಲದ್ದಕ್ಕೆ ಅಂದೇ ಮಹಾಲಯ ಅಮಾವಾಸ್ಯೆ. 2027ರ ಜನವರಿ 10 ಭಾನುವಾರ. ಮೂರು ಕೊನೆ ದಿನಗಳಲ್ಲಿ ಎರಡು ದಿನ ನಮ್ಮ ಕೌಂಟರೇ ತೆರೆದಿರುವುದಿಲ್ಲ! ನಗದು ಕಟ್ಟುವವರು, ಚೆಕ್ ಕೊಡುವವರು ಆ ದಿನ ಬಂದರೆ ಬೀಗ ನೋಡಿ ಹಿಂದಿರುಗಬೇಕು, ಮರುದಿನ ಬಂದರೆ ದಂಡ ಕಟ್ಟಬೇಕು.

ತಿಂಗಳ 5 ಅನ್ನೋಣ ಎಂದರೆ ಅದೂ ಆಗದು. ನಮ್ಮ ಪೋಷಕರಲ್ಲಿ ಎಷ್ಟೋ ಜನರಿಗೆ ಸಂಬಳ ಕೈಗೆ ಬರುವುದು 7ನೇ ತಾರೀಕು. ಆದ್ದರಿಂದ 7 ಕಳೆದ ಮೇಲೆ ಬರುವ, ಬ್ಯಾಂಕೂ ಶಾಲೆಯೂ ತೆರೆದಿರುವ ದಿನಗಳನ್ನು ಹುಡುಕಿದೆವು. 2026 ಜೂನ್ 10 ಬುಧವಾರ, 2026 ಅಕ್ಟೋಬರ್ 9 ಶುಕ್ರವಾರ, 2027 ಜನವರಿ 8 ಶುಕ್ರವಾರ. ಮೂರಕ್ಕೂ ವರ್ಷ, ವಾರ ಸೇರಿಸಿ ಬರೆದೆವು. ವಾರ ಬರೆದರೆ ನಮಗೂ ಒಂದು ಉಪಯೋಗ: ದಿನಾಂಕ ಟೈಪ್ ಮಾಡುವಾಗ ತಪ್ಪಿದರೆ ವಾರ ಹೊಂದದೆ ಅಲ್ಲೇ ಸಿಕ್ಕಿಬೀಳುತ್ತದೆ. ಜೊತೆಗೆ, "ಆ ದಿನವೂ ಸೇರಿ" ಎಂದು ಹಾಕಿದೆವು. ಚೆಕ್ ಆ ದಿನ ಮಧ್ಯಾಹ್ನ 3ರ ತನಕ ಆಫೀಸಿಗೆ ತಲುಪಿದರೆ ಸಾಕು, ಖಾತೆಗೆ ಜಮಾ ಆಗಲು ತಡವಾದರೆ ದಂಡವಿಲ್ಲ ಎಂದೂ ಬರೆದೆವು.

ದಂಡದ ವಿಷಯದಲ್ಲಿ ನನ್ನ ಒಲವು ಹತ್ತು ದಿನ ರಿಯಾಯಿತಿ ಕೊಡುವ ಕಡೆಗಿತ್ತು: ಜೂನ್ 10 ಕೊನೆ ದಿನ, ಆದರೆ 20ರ ತನಕ ದಂಡವಿಲ್ಲ. ಅಕೌಂಟೆಂಟ್ ಸರ್ ಬೇಡವೆಂದರು. ಎರಡು ತಾರೀಕು ಕೊಟ್ಟರೆ ಜನ ಎರಡನೆಯದನ್ನೇ ಕೊನೆ ದಿನ ಅಂದುಕೊಳ್ಳುತ್ತಾರೆ, ಅದೂ ದಾಟಿದಾಗ ಜಗಳ ಶುರುವಾಗುತ್ತದೆ ಎನ್ನುವುದು ಅವರ ಅನುಭವ. ಯೋಚಿಸಿದರೆ ಅವರ ಮಾತೇ ಸರಿ. ಒಂದೇ ತಾರೀಕು ಉಳಿಸಿಕೊಂಡು ದಂಡವನ್ನು ಹಗುರ ಮಾಡಿದೆವು. ಕೊನೆ ದಿನ ದಾಟಿದರೆ ಆ ಕಂತಿಗೆ ಒಂದು ಸಲ ₹300, ದಿನದ ಲೆಕ್ಕವಿಲ್ಲ. ಕರಡಿನಲ್ಲಿದ್ದ "ದಂಡ ವಿಧಿಸಲಾಗುವುದು" ಎಂಬುದು ಎಷ್ಟು ಎಂದು ಹೇಳದೆ ಹೆದರಿಸುತ್ತಿತ್ತು, ಅಷ್ಟೆ.

ಬಸ್ ಫೀಸು ಈ ಸುತ್ತೋಲೆಯಲ್ಲಿ ಇಲ್ಲ ಎನ್ನುವುದನ್ನು ಒಂದು ಸಾಲಿನಲ್ಲಿ ಹೇಳಿದೆವು. ಗುತ್ತಿಗೆದಾರರ ದರ ಇನ್ನೂ ಬಂದಿರಲಿಲ್ಲ. ಹೇಳದೆ ಬಿಟ್ಟರೆ ₹49,200ರಲ್ಲಿ ಬಸ್ಸೂ ಸೇರಿದೆ ಎಂದು ನಂಬುವವರು ಇರುತ್ತಾರೆ.

ಕರಡಿನಲ್ಲಿ ಯಾರೂ ನೆನಪಿಸಿಕೊಳ್ಳದೆ ಇದ್ದವರು ಆರ್‌ಟಿಇ ಮಕ್ಕಳ ಮನೆಯವರು. ಖಾಸಗಿ ಶಾಲೆಗಳಿಗೆ ಆರ್‌ಟಿಇ ಸೀಟು ಧಾರಾಳವಾಗಿ ಸಿಗುತ್ತಿದ್ದುದು ನಮ್ಮ ರಾಜ್ಯದಲ್ಲಿ 2018–19ರ ತನಕ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳು ಈಗ ಎಂಟರಲ್ಲಿದ್ದಾರೆ. ಕಾಯ್ದೆಯ ಪ್ರಕಾರ ಉಚಿತ ಶಿಕ್ಷಣ ಎಂಟನೇ ತರಗತಿ ಮುಗಿಯುವವರೆಗೆ. ಜೂನ್‌ನಲ್ಲಿ ಒಂಬತ್ತಕ್ಕೆ ಹೋದಾಗ ಈ ಮನೆಗಳು ಮೊದಲ ಬಾರಿ ಫೀಸು ಕಟ್ಟಬೇಕು. ಆರು, ಏಳನೇ ತರಗತಿಯ ಆರ್‌ಟಿಇ ಮಕ್ಕಳಿಗೆ ಏನೂ ಬದಲಾಗದು. ಒಂದೇ ಸುತ್ತೋಲೆ ಎಲ್ಲರ ಡೈರಿಗೂ ಅಂಟಿಸಿದರೆ, ಏಳನೇ ತರಗತಿಯ ಆರ್‌ಟಿಇ ಮಗುವಿನ ಮನೆಯವರು ₹54,600 ನೋಡಿ ಟಿಸಿ ಕೇಳಲು ಬಂದರೂ ಆಶ್ಚರ್ಯವಿಲ್ಲ. ಎಂಟರಲ್ಲಿರುವವರ ಸ್ಥಿತಿ ಬೇರೆ. ಶೂನ್ಯದಿಂದ ₹60,000ಕ್ಕೆ ಏರುವ ಸುದ್ದಿಯನ್ನು ಡೈರಿಯಲ್ಲಿ ಅಂಟಿಸಿ ಕಳಿಸುವಂಥದ್ದಲ್ಲ. ಆಡಳಿತ ಮಂಡಳಿ ಅವರಿಗೆ ಬೋಧನಾ ಶುಲ್ಕದಲ್ಲಿ ಅರ್ಧ ಬಿಡಲು ಒಪ್ಪಿತು. ಅಂದರೆ ₹27,000, ಜೊತೆಗೆ ವಾರ್ಷಿಕ ₹6,000, ಒಟ್ಟು ₹33,000, ಕಂತಿಗೆ ₹11,000. ಅಂಥ ಮನೆಗಳು ಕೆಲವೇ. ಪ್ರಿನ್ಸಿಪಾಲ್ ಮೇಡಂ ಒಬ್ಬೊಬ್ಬರನ್ನೇ ಕರೆಸಿ ಕೂರಿಸಿ ಹೇಳಿ, ಬೇರೆ ಪತ್ರ ಕೈಗೆ ಕೊಟ್ಟರು. ಎಂಟರ ಒಳಗಿನ ಆರ್‌ಟಿಇ ಮಕ್ಕಳಿಗೆ ಎರಡು ಸಾಲಿನ ಪತ್ರ ಹೋಯಿತು: ಫೀಸು ಏರಿಕೆ ನಿಮ್ಮ ಮಗುವಿಗೆ ಅನ್ವಯಿಸುವುದಿಲ್ಲ, ಎಂಟನೇ ತರಗತಿ ಮುಗಿಯುವವರೆಗೆ ಬೋಧನಾ ಶುಲ್ಕ ಕಟ್ಟಬೇಕಾಗಿಲ್ಲ.

ಕೊನೆಯ ರೂಪದಲ್ಲಿ ಪಟ್ಟಿ ಮೇಲೆ, ದಿನಾಂಕ ಅದರ ಕೆಳಗೆ, ಕಾರಣ ಮೂರನೆಯದು. ಕಾರಣ ಮೊದಲು ಬರಲಿ, ಅದೇ ಮರ್ಯಾದೆ ಎಂದು ಕೆಲವರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಎಷ್ಟು ಎಂದು ತಿಳಿಯುವವರೆಗೆ ಕಣ್ಣು ಕಾರಣದ ಮೇಲೆ ನಿಲ್ಲುವುದೇ ಇಲ್ಲ. ಆಯಾ ಅವರ ಕೈಗೆ ಮತ್ತೆ ಕೊಟ್ಟಾಗ ಅವರು ಎರಡನೇ ಸಾಲಿನ ಮೇಲೆ ಬೆರಳಿಟ್ಟು, "ಹದಿನೆಂಟು ಸಾವಿರದ ಇನ್ನೂರು, ಜೂನ್ ಹತ್ತು, ಬುಧವಾರ" ಅಂದರು. ಆಮೇಲೆ ತಲೆಯೆತ್ತಿ ಕೇಳಿದರು: "ಆರನೇ ಕ್ಲಾಸಿಗೆ ಅಷ್ಟೊಂದು ಯಾಕೆ ಮಿಸ್?"

ಮಾರ್ಚ್ 9ರ ಸೋಮವಾರ ಸುತ್ತೋಲೆ ಹೋದ ಮೇಲೆ ಎಷ್ಟು, ಯಾವಾಗ ಎಂದು ಕೇಳುವ ಫೋನುಗಳು ನಿಂತಂತೆಯೇ ಆದವು. ಬಂದವರೆಲ್ಲ ಆಯಾ ಕೇಳಿದ ಪ್ರಶ್ನೆಯನ್ನೇ ಕೇಳಿದರು. ಆರರಿಂದ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಶಿಕ್ಷಕರು ಬೇಕಾಗುತ್ತದೆ, ಒಂಬತ್ತರಿಂದ ಲ್ಯಾಬು, ಬೋರ್ಡ್ ಪರೀಕ್ಷೆಯ ತಯಾರಿ ಎಂಬುದು ನಿಜ. ಆದರೆ ಆ ಭಾರವೆಲ್ಲ ಒಂದೇ ವರ್ಷದಲ್ಲಿ ಒಂದು ಮನೆಯ ಮೇಲೆ ಬೀಳುವುದನ್ನು ಹಂತಹಂತವಾಗಿ ಹಂಚಲಾಗದೇ ಎಂದು ಯುಗಾದಿಗೆ ಮುಂಚಿನ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ಕೇಳಿದರು. ಅವರ ಕೈಯಲ್ಲಿ ನಮ್ಮದೇ ಪಟ್ಟಿಯಿತ್ತು, ಎರಡನೇ ಸಾಲಿಗೆ ಗೆರೆ ಎಳೆದಿತ್ತು. ದರದ ಹಂತಗಳನ್ನು ಮುಂದಿನ ವರ್ಷದೊಳಗೆ ಮರುನೋಡುವುದಾಗಿ ಆಡಳಿತ ಮಂಡಳಿ ಹೇಳಿದೆ. ಈ ವರ್ಷಕ್ಕೆ ಆ ಎರಡು ಸಾಲಿನ ಮನೆಯವರು ಬರೆದುಕೊಟ್ಟರೆ ಮೂರರ ಬದಲು ಆರು ಕಂತಿನಲ್ಲಿ ಕಟ್ಟಬಹುದು, ಆರಕ್ಕೆ ಹೋಗುವವರು ಕಂತಿಗೆ ₹9,100, ಒಂಬತ್ತಕ್ಕೆ ಹೋಗುವವರು ₹10,000. ಹೆಚ್ಚಿನ ಮೂರು ಕಂತಿಗೆ ಆಗಸ್ಟ್, ನವೆಂಬರ್, ಫೆಬ್ರುವರಿಯ 10 ಎಂದು ಬರೆದ ಆ ಪತ್ರದ ಕರಡು ನನ್ನ ಬಳಿ ಬಂದಾಗ ಮತ್ತೆ ಕ್ಯಾಲೆಂಡರ್ ತೆಗೆದೆ. ನವೆಂಬರ್ 10 ಬಲಿಪಾಡ್ಯಮಿ. ಅದನ್ನು 12, ಗುರುವಾರ ಎಂದು ತಿದ್ದಿ ಆಫೀಸಿಗೆ ಕೊಟ್ಟೆ.